ಬಾಗಿಲ ಮೇಲಿನ ಮೂಕಚಿತ್ರ

ಟೋಕಿಯೊ ನಗರದ ನಡುಭಾಗವನ್ನು ಬಳಸಿ ಸುತ್ತುವ ಯಾಮನೋತೆ ರೈಲುಮಾರ್ಗಕ್ಕೆ 2002ರಲ್ಲಿ ಬಂದ ಹೊಸ ಬೋಗಿಗಳ ಪ್ರತಿಯೊಂದು ಬಾಗಿಲಿನ ಮೇಲೂ ಎರಡೆರಡು ಪರದೆಗಳಿದ್ದವು. ಬಲಗಡೆಯದು ಮುಂದಿನ ನಿಲ್ದಾಣವನ್ನು ತಿಳಿಸಿದರೆ, ಎಡಗಡೆಯದು ಸುದ್ದಿ, ಹವಾಮಾನ, ಜಾಹೀರಾತುಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತಿದ್ದರೂ ಒಂದು ಸೊಲ್ಲನ್ನೂ ಆಡುತ್ತಿರಲಿಲ್ಲ. ಬೋಗಿಯೊಳಗೆ ಫೋನಿನಲ್ಲಿ ಮಾತನಾಡುವುದೂ ಅಸಭ್ಯವೆನಿಸುವ ಆ ದೇಶದಲ್ಲಿ, ಹೇಳಬೇಕಾದುದೆಲ್ಲವೂ ಅಕ್ಷರರೂಪದಲ್ಲಿಯೇ ಬರಬೇಕಾಗಿತ್ತು.

ಅಕ್ಷರವನ್ನು ಕಾಲಕ್ಕೆ ಅಳೆದು ಹಂಚುವ ವಿದ್ಯೆ ಜಪಾನಿನಲ್ಲಿ ಹಳೆಯದು. ಪರದೆಯ ಪಕ್ಕದಲ್ಲಿ ನಿಂತು ಮೂಕಚಿತ್ರದ ಕಥೆಯನ್ನು ನುಡಿಯುತ್ತಿದ್ದ ‘ಬೆನ್ಶಿ’ಗಳ ಕಾಲ ಇನ್ನೂ ಮುಗಿಯದಿದ್ದ 1931ರಲ್ಲಿ ‘ಮೊರಾಕೊ’ ಎಂಬ ಅಮೆರಿಕದ ವಾಕ್ಚಿತ್ರವು ಜಪಾನೀ ಅಡಿಬರಹಗಳೊಡನೆ ಅಲ್ಲಿ ತೆರೆಕಂಡಿತು. ಅಡಿಬರಹದ ಆ ಪರಂಪರೆಯಲ್ಲಿ, ಸೆಕೆಂಡಿಗೆ ನಾಲ್ಕು ಅಕ್ಷರಗಳೆಂಬ ನಿಯಮವು ಕಾಲಾಂತರದಲ್ಲಿ ನೆಲೆಗೊಂಡಿತು.

ಈ ನಿಯಮವನ್ನು ಹದಿನೈದು ಸೆಕೆಂಡಿನ ಒಂದು ಜಾಹೀರಾತಿಗೆ ಅನ್ವಯಿಸಿ ನೋಡೋಣ. ಲೆಕ್ಕಕ್ಕೆ ಅರುವತ್ತು ಅಕ್ಷರಗಳು ದೊರೆಯುತ್ತವೆ. ಆದರೆ ಕೊನೆಯ ಮೂರು ಸೆಕೆಂಡುಗಳನ್ನು ಸರಕಿನ ಹೆಸರಿಗೆ ಮೀಸಲಿಟ್ಟು, ಉಳಿದುದನ್ನು ನಾಲ್ಕು ನಾಲ್ಕು ಸೆಕೆಂಡಿನ ಮೂರು ಫಲಕಗಳಾಗಿ ವಿಭಾಗಿಸಿ, ಕಣ್ಣು ಹೊಸ ಫಲಕವನ್ನು ಕಂಡು ಸ್ಥಿರವಾಗುವುದಕ್ಕೆ ಪ್ರತಿಯೊಂದರಲ್ಲಿಯೂ ಒಂದು ಸೆಕೆಂಡನ್ನು ಬಿಟ್ಟುಕೊಟ್ಟರೆ, ಫಲಕಕ್ಕೆ ಹನ್ನೆರಡರಂತೆ ಮೂವತ್ತಾರು ಅಕ್ಷರಗಳಷ್ಟೇ ನಿಲ್ಲುತ್ತವೆ. ಆ ಒಂದು ಸೆಕೆಂಡನ್ನು ಉಳಿಸಹೊರಟವನ ಚಿತ್ರವನ್ನು ಬೇಗನೆ ಗುರುತಿಸಬಹುದು: ಓದುಗನು ಎರಡನೆಯ ಸಾಲಿನಲ್ಲಿರುವಾಗಲೇ ಫಲಕವು ಮಾಯವಾಗುತ್ತದೆ.

ಚಿತ್ರಮಂದಿರದ ನಿಯಮವಷ್ಟೇ ಸಾಕಾಗದೆ ಹೋಗುವುದು ಜನಸಂದಣಿಯಲ್ಲಿ. ಯಾರದೋ ಹೆಗಲು ಅಡ್ಡ ಬಂದು, ನಿಲ್ದಾಣವೊಂದು ಕಳೆದು, ಪ್ರಯಾಣಿಕನು ಮತ್ತೆ ತಲೆಯೆತ್ತುವಷ್ಟರಲ್ಲಿ ಮೊದಲ ಫಲಕ ಹೋಗಿರುತ್ತದೆ. ‘ನಾಳೆ ಮಳೆ ಬರಲಿದೆ’ ಎಂದು ತೋರಿಸಿ, ಅನಂತರ ‘ಅದು ಸಂಜೆಯವರೆಗೂ ನಿಲ್ಲದು’ ಎಂದರೆ, ತಡವಾಗಿ ನೋಡಿದವನಿಗೆ ‘ಅದು’ ಯಾವುದೆಂದು ತಿಳಿಯದು. ‘ನಾಳೆ ಸಂಜೆಯವರೆಗೂ ಮಳೆ’ ಎಂಬ ಫಲಕವಾದರೋ ಹಿಂದಿನದನ್ನು ಆಶ್ರಯಿಸದೆ ತಾನೇ ನಿಲ್ಲುತ್ತದೆ. ಈ ಪುನರುಕ್ತಿಯನ್ನು ನಾನು ದೋಷವೆಂದು ಎಣಿಸಲಾರೆ. ಕಾದಂಬರಿಯಲ್ಲಿ ಬೇಸರ ತರಬಹುದಾದುದು ಇಲ್ಲಿ ಓದುಗನಿಗೆ ತೋರಿದ ಆದರವೇ ಆಗಿದೆ.

ಫೇಸ್‌ಬುಕ್ 2013ರಲ್ಲಿ ವಿಡಿಯೊಗಳನ್ನು ಸದ್ದಿಲ್ಲದೆ ತಾವಾಗಿಯೇ ಓಡುವಂತೆ ಮಾಡತೊಡಗಿದ ಮೇಲೆ, ಇದೇ ಬಗೆಯ ಫಲಕಗಳು ಜಗತ್ತಿನಾದ್ಯಂತ ಅಂಗೈಯ ಪರದೆಗೂ ಬಂದವು. ಕನ್ನಡದಲ್ಲಿ ಅವನ್ನು ರಚಿಸುವವರು ಜಪಾನಿನ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಲಾಗದು. ಅಲ್ಲಿ ಎಷ್ಟೋ ವೇಳೆ ಒಂದೇ ಅಕ್ಷರ ಇಡಿಯ ಪದವಾಗುತ್ತದೆ. ನಮ್ಮಲ್ಲಿಯಾದರೋ ವಿಭಕ್ತಿಪ್ರತ್ಯಯಗಳು ಸೇರಿ ಪದವು ಉದ್ದವಾಗುವುದಲ್ಲದೆ, ಒತ್ತಕ್ಷರಗಳು ಮೇಲ್ಸಾಲಿನಿಂದ ಇಳಿದು ಕೆಳಸಾಲಿನ ತಲೆಕಟ್ಟಿಗೆ ತಾಗದಂತೆ ಸಾಲುಗಳ ನಡುವೆ ಹೆಚ್ಚು ತೆರಪನ್ನೂ ಬಿಡಬೇಕು. ಆದುದರಿಂದ ಬರೆದವನ ಕಣ್ಣನ್ನು ನಂಬದೆ, ವಿಷಯವನ್ನು ಮೊದಲೇ ತಿಳಿಯದ ಒಬ್ಬರ ಕೈಗೆ ಫೋನನ್ನು ಕೊಟ್ಟು, ಓಡುವ ಬಸ್ಸಿನಲ್ಲಿ ನಿಂತೇ ಓದಿಸಿ, ಅವರು ಯಾವ ಫಲಕದಲ್ಲಿ ತಡೆದರೋ ಅದಕ್ಕೆ ಇನ್ನೊಂದು ಸೆಕೆಂಡನ್ನು ಕೊಡಬೇಕು, ಇಲ್ಲವೆ ಅದರಿಂದ ಒಂದು ಪದವನ್ನು ತೆಗೆಯಬೇಕು.