ತೆಂಗಿನಕಾಯಿ ಬಿದ್ದ ಬಾನೆಟ್ಟಿನ ಚಿತ್ರ ತೆಗೆಯುವ ಕ್ರಮ

ಪ್ರಶ್ನೆ: ಅರಸೀಕೆರೆಯ ತೋಟವೊಂದರಲ್ಲಿ ನಿಲ್ಲಿಸಿದ್ದ ಕಾರಿನ ಬಾನೆಟ್ಟಿನ ಮೇಲೆ ತೆಂಗಿನಕಾಯಿ ಬಿದ್ದರೆ, ವಿಮಾ ಆ್ಯಪ್‌ನಲ್ಲಿ ಚಿತ್ರಗಳನ್ನು ಹೇಗೆ ತೆಗೆಯಬೇಕು?

ಉತ್ತರ: ಆ್ಯಪ್‌ನಲ್ಲಿ ಮಾಡುವ ಸ್ವಯಂ ತಪಾಸಣೆಯೆಂದರೆ ವಿಮಾ ಸಮೀಕ್ಷಕರು ಸ್ಥಳಕ್ಕೆ ಬರುವ ಬದಲು ವಾಹನದ ಮಾಲೀಕರೇ ಹಾನಿಯನ್ನು ಚಿತ್ರೀಕರಿಸಿ ಕಳುಹಿಸುವ ಕ್ರಮ. ಇದು ಸಾಮಾನ್ಯವಾಗಿ ಸಣ್ಣ ಹಾನಿಗಳಿಗೆ ಅನ್ವಯಿಸುತ್ತದೆ. ಕಾರನ್ನು ಕದಲಿಸುವ ಮೊದಲೇ, ಬಿದ್ದ ಕಾಯಿಯೂ ಮರವೂ ಕಾಣುವಂತೆ ಒಂದು ಚಿತ್ರ ತೆಗೆಯುವುದು ಲೇಸು, ಏಕೆಂದರೆ ಹಾನಿಯ ಕಾರಣಕ್ಕೆ ಅದೇ ಸಾಕ್ಷಿ. ಅನಂತರ ಮುಂಭಾಗದ ಮೂಲೆಯಿಂದ ಓರೆಯಾಗಿ, ನೋಂದಣಿ ಫಲಕವೂ ಬಾನೆಟ್ಟೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ದೂರದ ಚಿತ್ರ ಬೇಕು. ಫಲಕವಿಲ್ಲದ ತಗ್ಗಿನ ಚಿತ್ರ ಯಾವ ಕಾರಿನದೆಂದು ಹೇಳಲಾಗದು.

ಹೆಚ್ಚು ಜನ ಎಡವುವುದು ಹತ್ತಿರದ ಚಿತ್ರದಲ್ಲಿ. ನೇರ ಮೇಲಿನಿಂದ ಫ್ಲಾಶ್ ಹಾಕಿ ತೆಗೆದರೆ ಹೊಳೆಯುವ ಬಣ್ಣದಲ್ಲಿ ಬಿಳಿ ಚುಕ್ಕೆ ಮೂಡಿ ತಗ್ಗು ಮಾಯವಾಗುತ್ತದೆ. ಕಾರನ್ನು ನೆರಳಿಗೆ ತಂದು, ಧೂಳೊರೆಸಿ, ಫೋನನ್ನು ಬಾನೆಟ್ಟಿನ ಮಟ್ಟಕ್ಕೆ ತಗ್ಗಿಸಿ ಪಕ್ಕದಿಂದ ನೋಡಿದಾಗ, ಮೇಲ್ಮೈಯಲ್ಲಿ ಪ್ರತಿಫಲಿಸುವ ಗೋಡೆಯ ಅಂಚು ತಗ್ಗಿನ ಬಳಿ ಬಾಗುತ್ತದೆ. ಆ ಬಾಗೇ ಆಳವನ್ನು ತೋರಿಸುತ್ತದೆ. ಚಾಸಿ ಸಂಖ್ಯೆ, ಅಂದರೆ ವಾಹನದ ಚೌಕಟ್ಟಿಗೆ ಕೊರೆದ 17 ಅಕ್ಷರಾಂಕಗಳ ಗುರುತು, ಮತ್ತು ಓಡೋಮೀಟರ್‌ ಅಂಕಿಗಳೂ ಓದುವಂತಿರಬೇಕು.

ಬಾನೆಟ್ಟಿನ ಕೆಳಗಿನ ಪೆಟ್ಟು ಹೊರಗಿನ ಚಿತ್ರದಲ್ಲಿ ಕಾಣದು. ಗ್ಯಾರೇಜಿನಲ್ಲಿ ಬಿಚ್ಚಿದಾಗ ಅದು ಕಂಡರೆ, ದುರಸ್ತಿಗೆ ಮುನ್ನ ವಿಮಾ ಕಂಪನಿಗೆ ತಿಳಿಸಿ ಹೊಸ ಚಿತ್ರ ಸೇರಿಸಬೇಕು.