ಮೂವರಿಗೂ ಒಂದೇ ಪತ್ರ, ಒಬ್ಬೊಬ್ಬರಿಗೂ ಅವರದೇ ಮಾತು

ಛತ್ರ ಖಾಲಿ ಮಾಡಿ ವಾರ ಕಳೆದ ಮೇಲೆ ಹೆಣ್ಣಿನ ಮನೆಯಿಂದ ಹೊರಡುವ ವಾಟ್ಸ್‌ಆ್ಯಪ್ ಸಂದೇಶ ಸಾಮಾನ್ಯವಾಗಿ ಒಂದೇ ಸಾಲಿನದು: ‘ಎಲ್ಲವೂ ಚೆನ್ನಾಗಿತ್ತು, ಎಲ್ಲರಿಗೂ ಧನ್ಯವಾದ.’ ವೆಡ್ಡಿಂಗ್ ಪ್ಲ್ಯಾನರ್, ಅಡುಗೆಯವರು, ಡೆಕೊರೇಷನ್‌ನವರು ಮೂವರೂ ಓದುತ್ತಾರೆ. ತಾವು ಪಟ್ಟ ಪಾಡು ಮನೆಯವರ ಕಣ್ಣಿಗೆ ಬಿತ್ತೇ ಎಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಮೈಸೂರಿನ ಛತ್ರವೊಂದರಲ್ಲಿ ಎರಡು ದಿನದ ಮದುವೆ ನಡೆಯಿತು ಎಂದಿಟ್ಟುಕೊಳ್ಳೋಣ. ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ 10.10ಕ್ಕೆ ಮುಹೂರ್ತ. ಊಟಕ್ಕೆ ಹೇಳಿದ್ದು 600 ಎಲೆ, ಕುಳಿತವರು 720 ಜನ. ಕಾಶಿಯಾತ್ರೆ ಮುಕ್ಕಾಲು ಗಂಟೆ ತಡವಾಗಿ ಶುರುವಾಯಿತು. ಅದಕ್ಕೆ ಪತ್ರ ಹೀಗಿರಬಹುದು:

‘ಕಾಶಿಯಾತ್ರೆ ತಡವಾದಾಗ ಫೋಟೊಗಳನ್ನೆಲ್ಲ ಧಾರೆಯ ನಂತರಕ್ಕೆ ಹಾಕಿ ನೀವು ಮುಹೂರ್ತ ಉಳಿಸಿಕೊಟ್ಟಿರಿ. ಜನ ಹೆಚ್ಚಾಗುತ್ತಾರೆಂದು ಹಿಂದಿನ ರಾತ್ರಿಯೇ ಅಡುಗೆಮನೆಗೆ ತಿಳಿಸಿದವರೂ ನೀವೇ. ಆ ಮಾತು ಕೇಳಿ ಭಟ್ಟರು ಬೆಳಗಿನ ಜಾವವೇ ಕಣಕ, ಹೂರಣ ಹೆಚ್ಚಿಗೆ ಸಿದ್ಧಮಾಡಿಕೊಂಡರು. ಕೊನೆಯ ಪಂಕ್ತಿಯಲ್ಲಿ ಕುಳಿತ ನಮ್ಮ ಅತ್ತೆಗೂ ಹೋಳಿಗೆ ಬಿಸಿಬಿಸಿಯಾಗಿ ಸಿಕ್ಕಿತು. ರಾತ್ರಿ ಹನ್ನೊಂದಕ್ಕೆ ಆರತಕ್ಷತೆಯ ವೇದಿಕೆ ಬಿಚ್ಚಿದ ಹುಡುಗರು ಬೆಳಿಗ್ಗೆ ಐದಕ್ಕೆ ಬಾಳೆಕಂದು, ಮಾವಿನ ತೋರಣದ ಮಂಟಪ ನಿಲ್ಲಿಸಿದ್ದರು. ಮಲ್ಲಿಗೆಯನ್ನು ಕೊನೆಯಲ್ಲಿ ಕಟ್ಟಿದ್ದರಿಂದ ಧಾರೆಯ ಹೊತ್ತಿಗೂ ಅದು ಬಾಡಿರಲಿಲ್ಲ.’

ಮೂರು ಬೇರೆ ಬೇರೆ ಪತ್ರ ಬರೆಯುವುದಕ್ಕಿಂತ ಇದೇ ಮೇಲು. ಕಾರಣ ಆ ಹೋಳಿಗೆಯಲ್ಲೇ ಇದೆ. ಪ್ಲ್ಯಾನರ್ ಸುದ್ದಿ ಮುಟ್ಟಿಸದಿದ್ದರೆ ಭಟ್ಟರಿಗೆ ಗೊತ್ತಾಗುತ್ತಿರಲಿಲ್ಲ, ಭಟ್ಟರು ಏಳದಿದ್ದರೆ ಸುದ್ದಿ ಮುಟ್ಟಿಯೂ ಉಪಯೋಗವಿರುತ್ತಿರಲಿಲ್ಲ. ಇಬ್ಬರ ಪಾಲೂ ಒಂದೇ ಕಡೆ ಕಾಣುವುದು ಒಂದೇ ಪತ್ರದಲ್ಲಿ.

ಎಡವುವುದು ಯಾರ ಕೆಲಸ ಯಾರದೆಂಬಲ್ಲಿ. ಹೂವು ಒಬ್ಬರದು, ಲೈಟಿಂಗ್ ಇನ್ನೊಬ್ಬರದು ಆಗಿರಬಹುದು. ಬೇಯಿಸುವವರು ಬೇರೆ, ಬಡಿಸುವ ತಂಡ ಬೇರೆ ಇರುವುದೂ ಉಂಟು. ಹೂವಿನವರನ್ನು ದೀಪಕ್ಕಾಗಿ ಹೊಗಳಿದರೆ ಇಬ್ಬರಿಗೂ ಬೇಸರ. ಪ್ಲ್ಯಾನರ್‌ಗೆ ಒಂದು ಫೋನ್ ಮಾಡಿದರೆ ಈ ಗೊಂದಲ ತೀರುತ್ತದೆ.

ಬಾಕಿ ಹಣ ಕೊಟ್ಟು ಲೆಕ್ಕ ಚುಕ್ತಾ ಆದ ಮೇಲೆಯೇ ಪತ್ರ ಹೋಗಬೇಕು. ಅದಕ್ಕೆ ಮೊದಲು ಹೋದರೆ ಹೊಗಳಿಕೆಯೂ ಚೌಕಾಸಿಯಂತೆ ಕೇಳಿಸುತ್ತದೆ. ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಭಟ್ಟರಿಗೆ ಮಾತ್ರ ಬೇರೆಯಾಗಿ ಹೇಳಬೇಕು, ಮೂವರೂ ಓದುವ ಪತ್ರದಲ್ಲಿ ಅಲ್ಲ. ಆ ಪತ್ರವನ್ನು ಅವರು ಮುಂದಿನ ಮದುವೆ ಮನೆಯವರಿಗೂ ತೋರಿಸುತ್ತಾರೆ. ಹಾಗಾಗಿ ಬಡಿಸಿದ ತಂಡದ ಮುಖ್ಯಸ್ಥರ ಹೆಸರನ್ನೂ ಕೇಳಿ ತಿಳಿದು, ಅದರಲ್ಲಿ ಸೇರಿಸಿ.