ಉರಿ ಆಲ್ಕೋಹಾಲಿನದೋ, ಪರಿಮಳದ್ದೋ?

ಪರ್ಫ್ಯೂಮ್ ಹಾಕಿಕೊಂಡರೆ ಕುತ್ತಿಗೆ ಉರಿಯುತ್ತದೆ, ಕೆಂಪಗಾಗುತ್ತದೆ ಎನ್ನುವವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "ಆಲ್ಕೋಹಾಲ್ ಇರೋದು ಬಿಡಿ, ಅತ್ತರು ಹಚ್ಚಿ ನೋಡಿ." ಕೆಲವರಿಗೆ ಇದರಿಂದ ತೊಂದರೆ ಪೂರ್ತಿ ನಿಲ್ಲುತ್ತದೆ. ಇನ್ನು ಕೆಲವರಿಗೆ ತುರಿಕೆ ಮೊದಲಿಗಿಂತ ಜೋರಾಗುತ್ತದೆ. ಸೀಸೆಯೊಳಗೆ ಏನಿದೆ, ಚರ್ಮ ಅದರಲ್ಲಿ ಯಾವುದಕ್ಕೆ ಸಿಡಿಮಿಡಿಗೊಳ್ಳುತ್ತಿದೆ ಎಂಬುದು ತಿಳಿದರೆ ಈ ವ್ಯತ್ಯಾಸದ ಕಾರಣ ಗೊತ್ತಾಗುತ್ತದೆ.

ಮೂರು ಸೀಸೆಗಳು

ಬಾಡಿ ಮಿಸ್ಟ್ ಮತ್ತು ಪರ್ಫ್ಯೂಮ್ ಎರಡರಲ್ಲೂ ಮುಖ್ಯವಾಗಿ ಇರುವುದು ಪರಿಮಳದ ಎಣ್ಣೆ, ಆಲ್ಕೋಹಾಲ್ ಮತ್ತು ನೀರು. ವ್ಯತ್ಯಾಸವೆಲ್ಲ ಪ್ರಮಾಣದಲ್ಲಿ. ಬಾಡಿ ಮಿಸ್ಟ್‌ನಲ್ಲಿ ಪರಿಮಳದ ಎಣ್ಣೆ ಸುಮಾರು ಶೇ 1ರಿಂದ 3. 'ಓ ಡಿ ಟಾಯ್ಲೆಟ್' ಎಂದು ಬರೆದ ಸೀಸೆಯಲ್ಲಿ ಶೇ 5ರಿಂದ 15ರವರೆಗೆ, 'ಓ ಡಿ ಪರ್ಫಾಮ್' ಎಂದಿದ್ದರೆ ಶೇ 15ರಿಂದ 20ರಷ್ಟು. ಮಿಸ್ಟ್‌ನ ವಾಸನೆ ಒಂದೆರಡು ಗಂಟೆಯಲ್ಲಿ ಮಾಯವಾಗುವುದೂ, ಓ ಡಿ ಪರ್ಫಾಮ್ ಸಂಜೆಯವರೆಗೆ ನಿಲ್ಲುವುದೂ ಇದೇ ಕಾರಣಕ್ಕೆ. ಆಲ್ಕೋಹಾಲಿನ ಕೆಲಸ ಎಣ್ಣೆಯನ್ನು ಕರಗಿಸಿಟ್ಟುಕೊಳ್ಳುವುದು, ಚರ್ಮದ ಮೇಲೆ ಬಿದ್ದ ಕೂಡಲೇ ತಾನು ಆವಿಯಾಗಿ ವಾಸನೆಯನ್ನು ಸುತ್ತಲೂ ಹರಡುವುದು.

ಅತ್ತರಿನ ದಾರಿಯೇ ಬೇರೆ. ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ಹಳೆಯ ಪದ್ಧತಿಯಲ್ಲಿ ಅತ್ತರು ಇಳಿಸುತ್ತಾರೆ. ಗುಲಾಬಿ ಎಸಳು ಮತ್ತು ನೀರನ್ನು 'ದೇಗ್' ಎಂಬ ತಾಮ್ರದ ಹಂಡೆಗೆ ತುಂಬಿ, ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತಿ, ಕೆಳಗೆ ಉರಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು, ನೀರಿನ ತೊಟ್ಟಿಯಲ್ಲಿಟ್ಟ 'ಭಪ್ಕಾ' ಎಂಬ ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಆವಿ ತಣಿದು ನೀರಾದಾಗ ಹೂವಿನ ಪರಿಮಳವನ್ನು ಈ ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ. ತಳದಲ್ಲಿ ನಿಂತ ನೀರನ್ನು ಬಸಿದು ಮತ್ತೆ ಹಂಡೆಗೆ ಸುರಿಯುತ್ತಾರೆ. ಮರುದಿನ ಹೊಸ ಹೂವು, ಅದೇ ಎಣ್ಣೆ. ಹೀಗೆ ದಿನಗಟ್ಟಲೆ ನಡೆಯುವ ಈ ಕೆಲಸದಲ್ಲಿ ಆಲ್ಕೋಹಾಲಿಗೆ ಜಾಗವೇ ಇಲ್ಲ.

ಆದರೆ ಶ್ರೀಗಂಧದ ಎಣ್ಣೆ ಈಗ ಬಲು ದುಬಾರಿ. ಆದ್ದರಿಂದ ಅಗ್ಗದ ಅತ್ತರುಗಳಿಗೆ ಅದರ ಬದಲು ಪ್ಯಾರಾಫಿನ್ ಎಣ್ಣೆಯನ್ನೋ ಡಿಪಿಜಿ ಎಂಬ ದ್ರಾವಕವನ್ನೋ ಬಳಸಿ, ಕಾರ್ಖಾನೆಯಲ್ಲಿ ತಯಾರಾದ ಪರಿಮಳ ಬೆರೆಸುತ್ತಾರೆ. ಕೆಲವು ರೋಲ್-ಆನ್‌ಗಳಲ್ಲಿ ಆಲ್ಕೋಹಾಲೂ ಇರಬಹುದು. ಹಚ್ಚಿದ ಕೂಡಲೇ ತಣ್ಣಗೆನಿಸಿ, ಕೆಲವೇ ಕ್ಷಣದಲ್ಲಿ ಒಣಗಿದರೆ ಅನುಮಾನಪಡಿ. ಎಣ್ಣೆಯ ಅತ್ತರು ತಣ್ಣಗೆ ಕೊರೆಯುವುದಿಲ್ಲ, ಬೆರಳಿಗೆ ಜಿಡ್ಡು ಉಳಿಯುತ್ತದೆ.

ಉರಿಯೇ ಬೇರೆ, ಅಲರ್ಜಿಯೇ ಬೇರೆ

ಆಲ್ಕೋಹಾಲ್ ಚರ್ಮದ ಮೇಲ್ಪದರದ ಜಿಡ್ಡನ್ನು ಕರಗಿಸಿ ಒಣಗಿಸುತ್ತದೆ. ಚರ್ಮ ಮೊದಲೇ ಒಣಗಿ ಬಿರಿದಿದ್ದರೆ, ಆಗತಾನೇ ಶೇವ್ ಮಾಡಿದ್ದರೆ, ಇಸಬು ಇದ್ದರೆ ಹಚ್ಚಿದ ಕ್ಷಣವೇ ಚುರುಗುಟ್ಟುತ್ತದೆ. ಈ ಉರಿ ಬೇಗ ಬರುತ್ತದೆ, ಸಾಮಾನ್ಯವಾಗಿ ಬೇಗ ಇಳಿಯುತ್ತದೆ, ಹಚ್ಚಿದ ಜಾಗ ಬಿಟ್ಟು ಹರಡುವುದಿಲ್ಲ.

ಅಲರ್ಜಿ ನಿಧಾನ. ಹಚ್ಚಿದಾಗ ಏನೂ ಅನಿಸದೆ, ಒಂದರಿಂದ ಮೂರು ದಿನದೊಳಗೆ ತುರಿಕೆ, ಕೆಂಪು ಗಂಧೆ, ಕೆಲವೊಮ್ಮೆ ಸಣ್ಣ ನೀರುಗುಳ್ಳೆ ಏಳುತ್ತವೆ. ಸುತ್ತಲಿನ ಚರ್ಮಕ್ಕೂ ಹರಡಬಹುದು. ವರ್ಷಗಟ್ಟಲೆ ಬಳಸಿದ ಪರ್ಫ್ಯೂಮ್‌ಗೂ ಇದ್ದಕ್ಕಿದ್ದಂತೆ ಹೀಗಾಗಬಹುದು. ಪರ್ಫ್ಯೂಮ್‌ನ ಆಲ್ಕೋಹಾಲಿಗೇ ಇಂಥ ಅಲರ್ಜಿ ಆಗುವುದು ಅಪರೂಪ. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಪರಿಮಳದ ಅಂಶಗಳೇ: ಗುಲಾಬಿಯಲ್ಲಿರುವ ಜೆರಾನಿಯಾಲ್, ಲವಂಗದ ಯೂಜಿನಾಲ್, ಚಕ್ಕೆಯ ಸಿನ್ನಮಾಲ್, ಗಾಳಿಗೆ ತೆರೆದುಕೊಂಡು ಹಳತಾದ ಲಿನಲೂಲ್ ಮತ್ತು ಲಿಮೊನೀನ್. ಇವೆಲ್ಲ ಹೂವು, ಸಾಂಬಾರ ಪದಾರ್ಥ, ನಿಂಬೆ ಸಿಪ್ಪೆಗಳಲ್ಲಿ ಸಹಜವಾಗಿಯೇ ಇರುವಂಥವು. ನೈಸರ್ಗಿಕ ಎಂದ ಮಾತ್ರಕ್ಕೆ ಚರ್ಮ ಬಿಟ್ಟುಕೊಡುವುದಿಲ್ಲ.

ಇಲ್ಲೇ ಒಂದು ಲೆಕ್ಕ ನೋಡಬೇಕು. ಸ್ಪ್ರೇಯ ಒಂದು ಒತ್ತಿಗೆ ಸುಮಾರು 0.1 ಮಿ.ಲೀ. ಹೊರಬರುತ್ತದೆ ಎಂದುಕೊಳ್ಳೋಣ. ಶೇ 2ರ ಬಾಡಿ ಮಿಸ್ಟ್ ಆದರೆ ಅದರಲ್ಲಿ ಪರಿಮಳದ ಎಣ್ಣೆ 0.002 ಮಿ.ಲೀ., ಶೇ 15ರ ಪರ್ಫ್ಯೂಮ್ ಆದರೆ 0.015 ಮಿ.ಲೀ. ಅತ್ತರಿನ ಒಂದು ಹನಿ ಸುಮಾರು 0.04 ಮಿ.ಲೀ. ದ್ರಾವಕ ಬೆರೆಸದ ಅತ್ತರಾದರೆ ಅಷ್ಟೂ ಪರಿಮಳದ ಎಣ್ಣೆಯೇ. ಅಂದರೆ ಮಿಸ್ಟ್‌ನ ಇಪ್ಪತ್ತು ಒತ್ತಿನಷ್ಟು ಎಣ್ಣೆ ಬೆರಳಗಲದ ಜಾಗದಲ್ಲಿ ಕೂರುತ್ತದೆ, ದಿನವಿಡೀ ಅಲ್ಲೇ ಇರುತ್ತದೆ.

ಒಂದು ಸಂದರ್ಭ ಊಹಿಸಿಕೊಳ್ಳಿ. ಒಬ್ಬಾಕೆ ದಿನಾ ಬೆಳಿಗ್ಗೆ ಕುತ್ತಿಗೆಯ ಎರಡೂ ಬದಿಗೆ ಪರ್ಫ್ಯೂಮ್ ಹಾಕುತ್ತಾರೆ. ಹಾಕಿದಾಗ ಸ್ವಲ್ಪ ಚುರುಚುರು, ಎರಡು ದಿನ ಬಿಟ್ಟು ತುರಿಕೆಯ ಗಂಧೆ. ಆಲ್ಕೋಹಾಲೇ ಕಾರಣವೆಂದು ಗುಲಾಬಿ ಅತ್ತರಿಗೆ ಬದಲಾಯಿಸುತ್ತಾರೆ. ಚುರುಚುರು ನಿಂತುಹೋಗುತ್ತದೆ, ಗಂಧೆ ಮಾತ್ರ ಮತ್ತಷ್ಟು ದಪ್ಪವಾಗುತ್ತದೆ. ಆಕೆಗಿದ್ದದ್ದು ಎರಡು ತೊಂದರೆ. ಆಲ್ಕೋಹಾಲಿನ ಉರಿ ಹೋಯಿತು, ಪರಿಮಳದ ಅಲರ್ಜಿ ಉಳಿಯಿತು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಒದ್ದೆ ಹತ್ತಿಯಲ್ಲಿ ಒರೆಸುವ ಸ್ಪಿರಿಟ್‌ನಿಂದ ಆಕೆಯ ತೋಳಿಗೆ ಎಂದೂ ಏನೂ ಆಗಿಲ್ಲದಿದ್ದರೆ ಅದೂ ಒಂದು ಸುಳಿವೇ. ಖಚಿತಪಡಿಸಿಕೊಳ್ಳಲು ಚರ್ಮವೈದ್ಯರು ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಶಂಕೆಯಿರುವ ಪದಾರ್ಥಗಳ ಸಣ್ಣ ಪಟ್ಟಿಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆಯ ನಂತರ ತೆಗೆದು ನೋಡಿ, ಇನ್ನೊಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ.

ಬರೀ ಆಲ್ಕೋಹಾಲಿನ ಉರಿಯಾದರೆ

ಆಗ ಆಯ್ಕೆಗಳು ಸಾಕಷ್ಟಿವೆ. ಅತ್ತರಿಗಿಂತ ಹಗುರವಾದದ್ದು ಬೇಕೆಂದರೆ ಜೊಜೊಬಾ ಅಥವಾ ತೆಂಗಿನೆಣ್ಣೆಯಿಂದ ತೆಗೆದ ತಿಳಿ ಎಣ್ಣೆಯಲ್ಲಿ ಪರಿಮಳ ಬೆರೆಸಿದ ರೋಲ್-ಆನ್ ಇದೆ. ಜೇನುಮೇಣ ಮತ್ತು ಎಣ್ಣೆ ಸೇರಿಸಿದ ಗಟ್ಟಿ ಪರ್ಫ್ಯೂಮ್ ಪುಟ್ಟ ಡಬ್ಬಿಯಲ್ಲಿ ಬರುತ್ತದೆ, ಬ್ಯಾಗಿನಲ್ಲಿ ಚೆಲ್ಲುವ ಭಯವಿಲ್ಲ. ಇವೆರಡರ ವಾಸನೆಯೂ ಮೈಗೆ ಹತ್ತಿರವೇ ನಿಲ್ಲುತ್ತದೆ, ಕೋಣೆ ತುಂಬುವುದಿಲ್ಲ. ಮೈಮೇಲೆಲ್ಲ ಸಿಂಪಡಿಸಿಕೊಳ್ಳುವ ಆಸೆಯಿದ್ದರೆ ನೀರಿನಿಂದ ಮಾಡಿದ ಮಿಸ್ಟ್ ಸಿಗುತ್ತದೆ. ಅದರಲ್ಲಿ ಆಲ್ಕೋಹಾಲ್ ಇಲ್ಲದ್ದರಿಂದ ಕೆಡದಂತೆ ಬೇರೆ ಸಂರಕ್ಷಕ ಹಾಕಿರುತ್ತಾರೆ. ಕೆಲವರ ಚರ್ಮಕ್ಕೆ ಅದೂ ಆಗುವುದಿಲ್ಲ.

ಲೇಬಲ್ ಓದುವಾಗ 'ಆಲ್ಕೋಹಾಲ್ ಡಿನ್ಯಾಟ್', 'ಎಸ್‌ಡಿ ಆಲ್ಕೋಹಾಲ್', 'ಎಥನಾಲ್' ಎಂದಿದ್ದರೆ ಅದೇ ಉರಿಸುವ ಆಲ್ಕೋಹಾಲ್. 'ಸೀಟೈಲ್ ಆಲ್ಕೋಹಾಲ್', 'ಸ್ಟೀರೈಲ್ ಆಲ್ಕೋಹಾಲ್' ಮೇಣದಂಥ ವಸ್ತುಗಳು. ಹೆಸರು ನೋಡಿ ಹೆದರಬೇಕಿಲ್ಲ, ಇವು ಚರ್ಮವನ್ನು ಒಣಗಿಸುವುದಿಲ್ಲ.

ಯಾವುದೇ ಹೊಸ ಪರಿಮಳವನ್ನು ನೇರವಾಗಿ ಕುತ್ತಿಗೆಗೆ ಹಚ್ಚಬೇಡಿ. ಮೊಣಕೈಯ ಒಳಮಡಿಕೆಯಲ್ಲಿ ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಿ. ಒಂದೇ ದಿನ ನೋಡಿ ಬಿಟ್ಟರೆ ನಿಧಾನದ ಅಲರ್ಜಿ ಕಣ್ತಪ್ಪಿಸಿಕೊಳ್ಳುತ್ತದೆ. ಬರ್ಗಮಾಟ್‌ನಂಥ ನಿಂಬೆಜಾತಿಯ ಎಣ್ಣೆಯಿದ್ದರೆ ಬಿಸಿಲು ತಾಕುವ ಜಾಗಕ್ಕೆ ಬೇಡ. ಬಿಸಿಲು ಬಿದ್ದ ಕಡೆ ಕಪ್ಪು ಪಟ್ಟೆ ಮೂಡಿ ತಿಂಗಳುಗಟ್ಟಲೆ ಉಳಿಯಬಹುದು.

ಪರಿಮಳದ ಅಲರ್ಜಿಯಾದರೆ

ಆಗ ಮಿಸ್ಟ್‌ನಿಂದ ಪರ್ಫ್ಯೂಮ್‌ಗೆ, ಪರ್ಫ್ಯೂಮ್‌ನಿಂದ ಅತ್ತರಿಗೆ ಬದಲಾಯಿಸಿ ಪ್ರಯೋಜನವಿಲ್ಲ. ಪರೀಕ್ಷೆಯಲ್ಲಿ ಯಾವ ಅಂಶ ಸಿಕ್ಕಿತೋ ಅದು ಸೋಪು, ಕ್ರೀಮು, ತಲೆಯೆಣ್ಣೆಯಲ್ಲೂ ಇದೆಯೇ ನೋಡಬೇಕು. 'ಅನ್‌ಸೆಂಟೆಡ್' ಎಂದಿದ್ದರೂ ಬೇರೆ ವಾಸನೆ ಮುಚ್ಚಲು ಪರಿಮಳ ಹಾಕಿರಬಹುದು. 'ಫ್ರೇಗ್ರೆನ್ಸ್ ಫ್ರೀ' ಎಂದಿರುವುದನ್ನೇ ಹುಡುಕಿ, ಅದರ ಪದಾರ್ಥಗಳ ಪಟ್ಟಿಯನ್ನೂ ಓದಿ.

ಬಟ್ಟೆಗೆ ಹಾಕಿಕೊಳ್ಳುವ ದಾರಿ ಆಲ್ಕೋಹಾಲಿನ ಉರಿಯಿರುವವರಿಗೆ ಚೆನ್ನಾಗಿ ಒಗ್ಗುತ್ತದೆ: ಬಟ್ಟೆ ತೊಡುವ ಮೊದಲೇ ದೂರದಿಂದ ಸಿಂಪಡಿಸಿ, ಪೂರ್ತಿ ಆರಲು ಬಿಟ್ಟರೆ ಆಲ್ಕೋಹಾಲ್ ಹಾರಿಹೋಗಿ ಪರಿಮಳ ಮಾತ್ರ ಉಳಿಯುತ್ತದೆ. ರೇಷ್ಮೆಗೆ ಕಲೆಯಾಗುವ ಅಪಾಯವಿದೆ, ಒಳ ಅಂಚಿನಲ್ಲಿ ಮೊದಲು ನೋಡಿ. ಅಲರ್ಜಿ ಇರುವವರಿಗೆ ಆರಿದ ಬಟ್ಟೆಯ ಪರಿಮಳವೂ ಸಾಕು, ಕುತ್ತಿಗೆಪಟ್ಟಿ ಉಜ್ಜಿದಲ್ಲೆಲ್ಲ ಮತ್ತೆ ಗಂಧೆ ಏಳಬಹುದು. ಹಾಗಾಗಿ ಹೊಸ ಸೀಸೆಗೆ ದುಡ್ಡು ಹಾಕುವ ಮೊದಲು ಒಂದನ್ನು ಗಮನಿಸಿ: ನಿಮ್ಮ ಚರ್ಮ ಉರಿದದ್ದು ಹಚ್ಚಿದ ಕ್ಷಣವೋ, ಎರಡು ದಿನ ಕಳೆದ ಮೇಲೋ? ಮೊದಲನೆಯದಾದರೆ ಆಲ್ಕೋಹಾಲ್ ಇಲ್ಲದ ಸೀಸೆ ಕೊಳ್ಳಿ. ಎರಡನೆಯದಾದರೆ ಸದ್ಯಕ್ಕೆ ಎಲ್ಲ ಪರಿಮಳವನ್ನೂ ನಿಲ್ಲಿಸಿ, ಚರ್ಮವೈದ್ಯರನ್ನು ಕಾಣಿ.